ಭರಣಿಯೋ, ಕೃತ್ತಿಕೆಯೋ? ಸಾಲಾವಳಿಯಲ್ಲಿ ಅಯನಾಂಶದ ಆಟ

ಹುಡುಗಿಯ ಮನೆಯವರ ಕೈಯಲ್ಲಿರುವ ಕಂಪ್ಯೂಟರ್ ಜಾತಕದ ಪ್ರಕಾರ ಅವಳದು ಭರಣಿ ನಕ್ಷತ್ರ, ನಾಲ್ಕನೇ ಪಾದ, ಮೇಷ ರಾಶಿ. ಹುಡುಗನದು ಪುಷ್ಯ, ಕರ್ಕಾಟಕ ರಾಶಿ. ಇಬ್ಬರದೂ ಮಧ್ಯನಾಡಿ, ಹಾಗಾಗಿ ನಾಡಿದೋಷ. ಇಬ್ಬರದೂ ಕಟಿರಜ್ಜು, ಹಾಗಾಗಿ ರಜ್ಜುದೋಷ. 36 ಗುಣಕ್ಕೆ 23.5 ಬಂದಿದ್ದರೂ ಈ ಎರಡು ದೋಷ ಒಟ್ಟಿಗೆ ಕಂಡ ಮೇಲೆ ಜಾತಕ ನೋಡುವ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಈಗ ಅದೇ ಹುಡುಗಿಯ ಅದೇ ಹುಟ್ಟಿದ ದಿನ, ಹೊತ್ತು, ಊರನ್ನು ಹುಡುಗನ ಕಡೆಯ ಜೋಯಿಸರು ತಮ್ಮ ಲ್ಯಾಪ್‌ಟಾಪಿನಲ್ಲಿ ಹಾಕುತ್ತಾರೆ. ಅಲ್ಲಿ ಬರುವುದು ಕೃತ್ತಿಕೆ ಒಂದನೇ ಪಾದ. ನಾಡಿದೋಷವೂ ಇಲ್ಲ, ರಜ್ಜುದೋಷವೂ ಇಲ್ಲ, ಗುಣ 27.5.

ಇದು ಲೆಕ್ಕ ಬಿಡಿಸಿ ತೋರಿಸಲೆಂದು ಕಟ್ಟಿದ ಉದಾಹರಣೆ. ಆದರೆ ಇಂಥದ್ದು ನಡೆಯುವುದು ಅಪರೂಪವೇನಲ್ಲ. ಇಬ್ಬರು ಜೋಯಿಸರೂ ಹುಟ್ಟಿದ ಹೊತ್ತನ್ನು ಸರಿಯಾಗಿಯೇ ಹಾಕಿದ್ದಾರೆ, ಎರಡು ಸಾಫ್ಟ್‌ವೇರುಗಳೂ ಚಂದ್ರನ ಗತಿಯನ್ನು ಸರಿಯಾಗಿಯೇ ಗುಣಿಸಿವೆ. ಬೇರೆಯಾಗಿರುವುದು ಒಂದೇ ಒಂದು ಆಯ್ಕೆ. ಒಂದರಲ್ಲಿ ಅಯನಾಂಶ `Lahiri` ಎಂದಿದೆ, ಇನ್ನೊಂದರಲ್ಲಿ `Raman` ಎಂದಿದೆ.

ಅಯನಾಂಶ ಎಂದರೆ ಏನು ಎಂಬುದಕ್ಕೆ ಆಕಾಶದಿಂದಲೇ ಶುರು ಮಾಡಬೇಕು. ಮಾರ್ಚ್ 20ರ ಆಸುಪಾಸಿನಲ್ಲಿ ಹಗಲು ಇರುಳು ಸಮವಾಗುವ ದಿನ ಸೂರ್ಯ ನಿಂತಿರುವ ಬಿಂದುವನ್ನು ಸೊನ್ನೆ ಎಂದುಕೊಂಡು ಗ್ರಹಗಳನ್ನು ಅಳೆದರೆ ಅದು ಸಾಯನ. ಇಂದಿನ ಖಗೋಳಶಾಸ್ತ್ರ ಕೊಡುವುದು ಈ ಲೆಕ್ಕವನ್ನು. ನಮ್ಮ ಜ್ಯೋತಿಷ್ಯ ಬಳಸುವುದು ನಿರಯಣ, ಅಂದರೆ ನಕ್ಷತ್ರಗಳ ಹಿನ್ನೆಲೆಗೆ ಕಟ್ಟಿದ ಲೆಕ್ಕ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುವುದರಿಂದ ಆ ಸಮರಾತ್ರಿಯ ಬಿಂದು ನಕ್ಷತ್ರಗಳ ನಡುವೆ ಮೆಲ್ಲಗೆ ಹಿಂದಕ್ಕೆ ಜಾರುತ್ತಿದೆ. ವರ್ಷಕ್ಕೆ ಸುಮಾರು 50.3 ವಿಕಲೆ, 72 ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಡಿಗ್ರಿ. ಹೀಗೆ ಎರಡು ಸೊನ್ನೆಗಳ ನಡುವೆ ಬೆಳೆದಿರುವ ಅಂತರವೇ ಅಯನಾಂಶ. ಸಾಫ್ಟ್‌ವೇರು ಮೊದಲು ಸಾಯನ ಸ್ಥಾನ ಗುಣಿಸಿ, ಅದರಿಂದ ಅಯನಾಂಶ ಕಳೆದು, ಉಳಿದದ್ದನ್ನು ಜಾತಕದಲ್ಲಿ ಬರೆಯುತ್ತದೆ. ಮುಂದೆ ಓದುವಾಗ ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ ಎಂಬುದಿಷ್ಟು ನೆನಪಿದ್ದರೆ ಸಾಕು.

ತಕರಾರು ಇರುವುದು ಎಷ್ಟು ಕಳೆಯಬೇಕು ಎಂಬಲ್ಲಿ. ಬಿಂದು ಜಾರುವ ವೇಗದ ಬಗ್ಗೆ ಹೇಳಿಕೊಳ್ಳುವಂಥ ಜಗಳವಿಲ್ಲ. ಜಗಳ ಇರುವುದು ಮೇಷದ ಸೊನ್ನೆ ಆಕಾಶದಲ್ಲಿ ಎಲ್ಲಿದೆ ಎಂಬ ಬಗ್ಗೆ. ಅಶ್ವಿನಿಯ ಮೊದಲ ಬಿಂದುವಿನಲ್ಲಿ ಗುರುತಿಗೆಂದು ಹೊಳೆಯುವ ನಕ್ಷತ್ರವೇನೂ ಇಲ್ಲ. ಗಡಿಕಲ್ಲು ಕಿತ್ತುಹೋದ ಜಮೀನಿನ ಹಾಗೆ, ಅಳತೆಯ ಸರಪಳಿ ಎಲ್ಲರದೂ ಒಂದೇ, ಎಲ್ಲಿಂದ ಎಳೆಯಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ಸ್ವಾತಂತ್ರ್ಯ ಬಂದ ಮೇಲೆ ದೇಶದ ನಾನಾ ಪಂಚಾಂಗಗಳನ್ನು ಒಂದು ನೆಲೆಗೆ ತರಲು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಕಾರ್ಯದರ್ಶಿಯಾಗಿದ್ದವರು ಕೋಲ್ಕತ್ತದ ಎನ್.ಸಿ. ಲಾಹಿರಿ. ಚಿತ್ತಾ ನಕ್ಷತ್ರ 180ನೇ ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡು ಅದರ ನೇರ ಎದುರಿನ ಬಿಂದುವನ್ನು ಸೊನ್ನೆ ಮಾಡುವ ಚಿತ್ರಾಪಕ್ಷವನ್ನು ಸಮಿತಿ ಒಪ್ಪಿಕೊಂಡಿತು. 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಕಲೆ ಎಂದು ಗೊತ್ತುಮಾಡಿತು. ಲಾಹಿರಿ ಅಯನಾಂಶ ಎಂದು ಇಂದು ಕರೆಯುವುದು ಇದನ್ನೇ. ಸರ್ಕಾರದ ರಾಷ್ಟ್ರೀಯ ಪಂಚಾಂಗ ಇದನ್ನು ಅನುಸರಿಸುತ್ತದೆ. ಬಹುತೇಕ ಮೊಬೈಲ್ ಆ್ಯಪ್‌ಗಳಲ್ಲೂ ನೀವು ಏನನ್ನೂ ಮುಟ್ಟದಿದ್ದರೆ ಇರುವುದು ಇದೇ.

ಇನ್ನೊಂದು ಕಡೆ ನಮ್ಮ ಬೆಂಗಳೂರಿನ ಬಿ.ವಿ. ರಾಮನ್. `ದಿ ಆಸ್ಟ್ರಾಲಜಿಕಲ್ ಮ್ಯಾಗಜೀನ್` ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಅವರು ಸಾಯನ ಮತ್ತು ನಿರಯಣದ ಸೊನ್ನೆಗಳು ಕೂಡಿದ್ದು ಕ್ರಿ.ಶ. 397ರಲ್ಲಿ ಎಂದು ಹಿಡಿದರು. ಅವರ ಪುಸ್ತಕಗಳಿಂದ ಜಾತಕ ಹಾಕುವುದನ್ನು ಕಲಿತವರು ಕರ್ನಾಟಕದಲ್ಲಿ ಬಹಳ ಮಂದಿ. ಹಳೆ ಮೈಸೂರಿನ ಕಡೆಯ ಎಷ್ಟೋ ಮನೆಗಳ ಬೀರುವಿನಲ್ಲಿರುವ ಕೈಬರಹದ ಜಾತಕಗಳು ಆ ಲೆಕ್ಕದವಾಗಿರಬಹುದು ಎಂಬುದನ್ನು ಸಾಲಾವಳಿ ನೋಡುವವರು ಮರೆಯಬಾರದು. ತಮಿಳುನಾಡಿನ ಕೆ.ಎಸ್. ಕೃಷ್ಣಮೂರ್ತಿ ಅವರ ಪದ್ಧತಿಗೆ ಅದರದೇ ಅಯನಾಂಶವಿದೆ, ಸಾಫ್ಟ್‌ವೇರಿನಲ್ಲಿ `KP` ಅಥವಾ `Krishnamurti` ಎಂದು ಕಾಣುತ್ತದೆ. ಮಹಾರಾಷ್ಟ್ರದ ಟಿಳಕ ಪಂಚಾಂಗ ರೇವತಿ ನಕ್ಷತ್ರವನ್ನು ಆಧಾರ ಮಾಡಿಕೊಂಡಿದ್ದು, ಅದಕ್ಕೂ ಲಾಹಿರಿಗೂ ಸುಮಾರು ನಾಲ್ಕು ಡಿಗ್ರಿ ಅಂತರ.

ಹೆಸರುಗಳು ಇನ್ನೂ ಇವೆ, ಅವೆಲ್ಲ ಇಲ್ಲಿ ಬೇಡ. ನಮ್ಮ ಕಡೆ ಹೆಚ್ಚಾಗಿ ಎದುರಾಗುವ ಮೂರನ್ನು ತೂಗಿ ನೋಡೋಣ. 2000ದ ಜನವರಿಗೆ ಲಾಹಿರಿ ಅಯನಾಂಶ 23 ಡಿಗ್ರಿ 51 ಕಲೆ. ಕೃಷ್ಣಮೂರ್ತಿ ಅವರದು ಅದಕ್ಕಿಂತ ಸುಮಾರು 6 ಕಲೆ ಕಡಿಮೆ. ರಾಮನ್ ಅವರದು 22 ಡಿಗ್ರಿ 25 ಕಲೆಯ ಹತ್ತಿರ, ಅಂದರೆ ಲಾಹಿರಿಗಿಂತ ಒಂದು ಡಿಗ್ರಿ 26 ಕಲೆ ಕಡಿಮೆ. ಕಳೆಯುವ ಮೊತ್ತ ಕಡಿಮೆಯಾದರೆ ಉಳಿಯುವುದು ಹೆಚ್ಚು. ಹಾಗಾಗಿ ರಾಮನ್ ಲೆಕ್ಕದಲ್ಲಿ ಎಲ್ಲ ಗ್ರಹಗಳೂ ಲಾಹಿರಿಗಿಂತ ಒಂದೂವರೆ ಡಿಗ್ರಿಯಷ್ಟು ಮುಂದೆ ನಿಂತಿರುತ್ತವೆ.

ಒಂದೂವರೆ ಡಿಗ್ರಿ ದೊಡ್ಡ ಮಾತೇ ಎಂದು ಯಾರಾದರೂ ಕೇಳಬಹುದು. ಗುರು ಶನಿಗಳು ಯಾವ ರಾಶಿಯಲ್ಲಿದ್ದಾರೆ ಎಂದಷ್ಟೇ ನೋಡುವವರಿಗೆ ಬಹಳ ಸಲ ದೊಡ್ಡದಲ್ಲ. ಸಾಲಾವಳಿಯ ಸ್ವಭಾವವೇ ಬೇರೆ. ಅದು ಬಹುಮಟ್ಟಿಗೆ ನಿಂತಿರುವುದು ಚಂದ್ರನ ಮೇಲೆ, ಅದರಲ್ಲೂ ಚಂದ್ರನಿರುವ ನಕ್ಷತ್ರದ ಹೆಸರಿನ ಮೇಲೆ. ಒಂದು ನಕ್ಷತ್ರದ ಅಗಲ 13 ಡಿಗ್ರಿ 20 ಕಲೆ, ಅಂದರೆ 800 ಕಲೆ. ಚಂದ್ರ ಭರಣಿಯ ನಟ್ಟನಡುವೆ ಇದ್ದರೂ ಭರಣಿ, ಮುಗಿಯಲು ಒಂದು ಕಲೆ ಇದ್ದರೂ ಪೂರ್ತಿ ಭರಣಿಯೇ. ಗಡಿ ದಾಟಿದ ಕ್ಷಣ ಗಣ, ಯೋನಿ, ನಾಡಿ, ರಜ್ಜು, ತಾರೆ ಎಲ್ಲವೂ ಒಮ್ಮೆಗೇ ಕೃತ್ತಿಕೆಯವಾಗಿಬಿಡುತ್ತವೆ. ನಡುವೆ ಮುಕ್ಕಾಲು ಭರಣಿ, ಕಾಲು ಕೃತ್ತಿಕೆ ಎಂಬ ಲೆಕ್ಕವಿಲ್ಲ.

ಇದರಿಂದ ಒಂದು ಅಂದಾಜು ಸಿಗುತ್ತದೆ. ಲಾಹಿರಿಯಿಂದ ರಾಮನ್‌ಗೆ ಹೋದಾಗ ಚಂದ್ರ 86 ಕಲೆ ಮುಂದೆ ಸರಿಯುತ್ತಾನೆ. 800 ಕಲೆಯ ನಕ್ಷತ್ರದ ಕೊನೆಯ 86 ಕಲೆಯೊಳಗೆ ಹುಟ್ಟಿದವರ ನಕ್ಷತ್ರವೆಲ್ಲ ಬದಲಾಗುತ್ತದೆ. ನೂರರಲ್ಲಿ ಸುಮಾರು 11 ಮಂದಿ. ಸಾಲಾವಳಿಗೆ ಎರಡು ಜಾತಕ ಬೇಕಲ್ಲವೇ? ಹಾಗೆ ನೋಡಿದರೆ ಇಬ್ಬರಲ್ಲಿ ಒಬ್ಬರದಾದರೂ ನಕ್ಷತ್ರ ಬದಲಾಗುವ ಸಂಭವ ನೂರಕ್ಕೆ 20ರ ಹತ್ತಿರ. ಐದು ಜೋಡಿಗೆ ಒಂದು! ಪಾದದ ಅಗಲ 200 ಕಲೆ ಮಾತ್ರ, ಆದ್ದರಿಂದ ಪಾದ ಬದಲಾಗುವುದು ನೂರಕ್ಕೆ 43 ಜಾತಕಗಳಲ್ಲಿ. ಲಾಹಿರಿ ಮತ್ತು ಕೆಪಿ ನಡುವೆ ಇರುವುದು 6 ಕಲೆಯಾದ್ದರಿಂದ ಅಲ್ಲಿ ನಕ್ಷತ್ರ ಬದಲಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಈಗ ನಮ್ಮ ಹುಡುಗಿಯ ಲೆಕ್ಕಕ್ಕೆ ಬರೋಣ. ಹುಟ್ಟಿದ್ದು 1995ರ ಆರಂಭದಲ್ಲಿ ಎಂದುಕೊಳ್ಳಿ. ಹುಟ್ಟಿದ ಹೊತ್ತಿಗೆ ಚಂದ್ರನ ಸಾಯನ ಸ್ಥಾನ 49 ಡಿಗ್ರಿ 27 ಕಲೆ. ಆ ವರ್ಷದ ಲಾಹಿರಿ ಅಯನಾಂಶ 23 ಡಿಗ್ರಿ 47 ಕಲೆ. ಕಳೆದರೆ ಉಳಿಯುವುದು 25 ಡಿಗ್ರಿ 40 ಕಲೆ. ಮೇಷದಲ್ಲಿ ಭರಣಿ ಮುಗಿಯುವುದು 26 ಡಿಗ್ರಿ 40 ಕಲೆಗೆ, ಆದ್ದರಿಂದ ಇದು ಭರಣಿ, ಗಡಿಗೆ ಇನ್ನು ಒಂದೇ ಡಿಗ್ರಿ. ರಾಮನ್ ಅಯನಾಂಶ ಆ ವರ್ಷಕ್ಕೆ 22 ಡಿಗ್ರಿ 20 ಕಲೆ. ಕಳೆದರೆ 27 ಡಿಗ್ರಿ 7 ಕಲೆ. ಗಡಿ ದಾಟಿ 27 ಕಲೆ ಆಗಿದೆ, ಇದು ಕೃತ್ತಿಕೆ. ಕೆಪಿಯಲ್ಲಿ 25 ಡಿಗ್ರಿ 46 ಕಲೆ, ಅಲ್ಲಿ ಭರಣಿಯೇ. ಹುಡುಗನ ಚಂದ್ರ ಲಾಹಿರಿಯಲ್ಲಿ ಕರ್ಕಾಟಕದ 9 ಡಿಗ್ರಿ, ರಾಮನ್‌ನಲ್ಲಿ 10 ಡಿಗ್ರಿ 26 ಕಲೆ. ಪುಷ್ಯ ಹರಡಿರುವುದು 3 ಡಿಗ್ರಿ 20 ಕಲೆಯಿಂದ 16 ಡಿಗ್ರಿ 40 ಕಲೆಯ ತನಕ. ಅವನ ಪಾದ ಎರಡರಿಂದ ಮೂರಕ್ಕೆ ಹೋಯಿತೇ ಹೊರತು ನಕ್ಷತ್ರ ಅಲುಗಲಿಲ್ಲ.

ಗುಣಗಳಲ್ಲಿ ಏನಾಯಿತು ನೋಡಿ. ಹುಡುಗಿಯ ರಾಶಿ ಎರಡು ಲೆಕ್ಕದಲ್ಲೂ ಮೇಷವೇ. ಆದ್ದರಿಂದ ರಾಶಿಯನ್ನು ನೋಡಿ ಕೊಡುವ ವರ್ಣ 1, ವಶ್ಯ 1, ಗ್ರಹಮೈತ್ರಿ 4, ರಾಶಿಕೂಟ 7 ಹಾಗೇ ಉಳಿದವು. ತಾರಾಕೂಟದಲ್ಲಿ ಒಂದು ತಮಾಷೆ ಇದೆ. ಭರಣಿಯಿಂದ ಪುಷ್ಯಕ್ಕೆ ಎಣಿಸಿದರೆ ಏಳು, ಅದು ಕೆಟ್ಟ ತಾರೆ. ಪುಷ್ಯದಿಂದ ಭರಣಿಗೆ ಎಣಿಸಿ 9ರಿಂದ ಭಾಗಿಸಿದರೆ ಶೇಷ ನಾಲ್ಕು, ಒಳ್ಳೆಯದು. ಕೃತ್ತಿಕೆಯಾದಾಗ ಆ ಕಡೆಯಿಂದ ಆರು ಬಂದು ಒಳ್ಳೆಯದಾಗುತ್ತದೆ, ಈ ಕಡೆಯಿಂದ ಶೇಷ ಐದು ಬಂದು ಕೆಡುತ್ತದೆ. ಎರಡರಲ್ಲೂ ಒಂದೂವರೆ ಗುಣವೇ, ಕಾರಣ ಮಾತ್ರ ತಿರುಗುಮುರುಗು. ಯೋನಿಯಲ್ಲಿ ಭರಣಿ ಆನೆ, ಪುಷ್ಯ ಮೇಕೆ, 3 ಗುಣ. ಕೃತ್ತಿಕೆಯೂ ಮೇಕೆಯೇ ಆದ್ದರಿಂದ ಪೂರ್ತಿ 4.

ದೊಡ್ಡ ಪಲ್ಲಟ ಉಳಿದ ಎರಡರಲ್ಲಿ. ಭರಣಿ ಮನುಷ್ಯಗಣ, ದೇವಗಣದ ಹುಡುಗನಿಗೆ ಹೊಂದಿ 6 ಗುಣ. ಕೃತ್ತಿಕೆ ರಾಕ್ಷಸಗಣ, ಬರುವುದು 1 ಗುಣ, ಕೆಲವು ಕೋಷ್ಟಕಗಳಲ್ಲಿ ಅದೂ ಇಲ್ಲ. ಭರಣಿ ಮಧ್ಯನಾಡಿ, ಪುಷ್ಯವೂ ಮಧ್ಯನಾಡಿ, ಸೊನ್ನೆ. ಕೃತ್ತಿಕೆ ಅಂತ್ಯನಾಡಿ, ಪೂರ್ತಿ 8. ಎಲ್ಲ ಕೂಡಿಸಿದರೆ ಒಂದು ಕಡೆ 23.5, ಇನ್ನೊಂದು ಕಡೆ 27.5. ಮೊತ್ತದಲ್ಲಿ ನಾಲ್ಕೇ ಗುಣದ ವ್ಯತ್ಯಾಸ. ಅದನ್ನಷ್ಟೇ ನೋಡಿದವರು ಎರಡೂ 18 ದಾಟಿವೆ, ಎರಡೂ ಆಗಬಹುದು ಎಂದು ಎದ್ದುಹೋಗುತ್ತಾರೆ. ಒಳಗೆ ನಾಡಿದೋಷ ಹೋಗಿ ಗಣದ ಅಡ್ಡಿ ಬಂದು ಕೂತಿದೆ, ಪುಷ್ಯದ ಜೊತೆ ಭರಣಿಗಿದ್ದ ಕಟಿರಜ್ಜುವಿನ ಸಮಸ್ಯೆ ಕೃತ್ತಿಕೆಯ ನಾಭಿರಜ್ಜುವಿನಿಂದ ಮಾಯವಾಗಿದೆ. ರಜ್ಜುವಂತೂ 36ರ ಲೆಕ್ಕದಲ್ಲಿ ಸೇರುವುದೇ ಇಲ್ಲ, ದಕ್ಷಿಣದ ದಶಕೂಟದಲ್ಲಿ ಬರುವಂಥದ್ದು. ಮೊತ್ತ ಹತ್ತಿರ ಹತ್ತಿರ ಬಂತು ಎಂದ ಮಾತ್ರಕ್ಕೆ ಎರಡು ಸಾಲಾವಳಿ ಒಂದೇ ಎಂದುಕೊಳ್ಳುವುದು ಈ ವ್ಯವಹಾರದಲ್ಲಿ ನಡೆಯುವ ದೊಡ್ಡ ಎಡವಟ್ಟು ಎಂದು ನನ್ನ ಅಭಿಪ್ರಾಯ.

ಎಲ್ಲ ಗಡಿಗಳೂ ಇಷ್ಟು ಕಠಿಣವಲ್ಲ. ಕೃತ್ತಿಕೆ ರೋಹಿಣಿಗಳೆರಡೂ ಅಂತ್ಯನಾಡಿ, ಆರ್ದ್ರಾ ಪುನರ್ವಸುಗಳೆರಡೂ ಆದಿನಾಡಿ. ಅಂಥ ಕಡೆ ನಕ್ಷತ್ರ ಬದಲಾದರೂ ನಾಡಿಯ ತೀರ್ಮಾನ ಬದಲಾಗುವುದಿಲ್ಲ. ಗಡಿ ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಪರಿಣಾಮ ನಿಂತಿದೆ.

ಹಾಗಾದರೆ ನಿಮ್ಮ ಕೈಗೆ ಬಂದ ಜಾತಕ ಯಾವ ಅಯನಾಂಶದ್ದು ಎಂದು ತಿಳಿಯುವುದು ಹೇಗೆ? ಕಂಪ್ಯೂಟರ್ ಜಾತಕವಾದರೆ ಮೊದಲ ಪುಟದಲ್ಲೇ, ರೇಖಾಂಶ ಅಕ್ಷಾಂಶ ಸೂರ್ಯೋದಯಗಳ ಸಾಲಿನಲ್ಲಿ, ಅಯನಾಂಶ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಹೆಸರಿದ್ದರೂ ಅಂಕಿಯನ್ನು ನೋಡಿ. 2000ಕ್ಕೆ 23 ಡಿಗ್ರಿ 51 ಕಲೆ ಎಂಬುದನ್ನು ನೆನಪಿಟ್ಟುಕೊಂಡು, ಪ್ರತಿ ಆರು ವರ್ಷಕ್ಕೆ 5 ಕಲೆಯಂತೆ ಕಳೆಯುತ್ತಲೋ ಕೂಡುತ್ತಲೋ ಹೋದರೆ ಹುಟ್ಟಿದ ವರ್ಷದ ಲಾಹಿರಿ ಅಯನಾಂಶ ಬಾಯಿಲೆಕ್ಕದಲ್ಲೇ ಸಿಗುತ್ತದೆ. 1988ರಲ್ಲಿ ಹುಟ್ಟಿದವರಿಗೆ 23 ಡಿಗ್ರಿ 41 ಕಲೆ. ಜಾತಕದ ಅಂಕಿ ಅದಕ್ಕೆ ಒಂದೆರಡು ಕಲೆಯೊಳಗೆ ಹೊಂದಿದರೆ ಲಾಹಿರಿ, ಆರು ಕಲೆ ಕಡಿಮೆ ಇದ್ದರೆ ಕೆಪಿ, 22ರಿಂದ ಶುರುವಾದರೆ ಬಹುಶಃ ರಾಮನ್. `True Chitra` ಅಥವಾ `Chitrapaksha` ಎಂದಿದ್ದರೆ ಅದು ಲಾಹಿರಿಯ ಅಕ್ಕಪಕ್ಕದ್ದೇ, ಒಂದೆರಡು ಕಲೆಗಳ ವ್ಯತ್ಯಾಸದ್ದು.

ಕೈಬರಹದ ಹಳೆಯ ಜಾತಕದಲ್ಲಿ ಅಯನಾಂಶ ಬರೆದಿರುವುದು ಅಪರೂಪ. ಅಲ್ಲಿ ಎರಡು ದಾರಿ ಇವೆ. ಗ್ರಹಸ್ಫುಟ ಕೊಟ್ಟಿದ್ದರೆ ಸೂರ್ಯನ ಸ್ಫುಟವನ್ನು ತೆಗೆದುಕೊಳ್ಳಿ. ಅದೇ ದಿನ ಅದೇ ಹೊತ್ತಿಗೆ ಯಾವುದಾದರೂ ಸಾಫ್ಟ್‌ವೇರಿನಲ್ಲಿ ಲಾಹಿರಿ ಇಟ್ಟು ಸೂರ್ಯನನ್ನು ನೋಡಿ. ಹಳೆಯ ಜಾತಕದ ಸೂರ್ಯ ಸುಮಾರು ಒಂದೂವರೆ ಡಿಗ್ರಿ ಮುಂದಿದ್ದರೆ ಅದು ರಾಮನ್ ಲೆಕ್ಕ. ಸ್ಫುಟವೂ ಇಲ್ಲದಿದ್ದರೆ ಜನ್ಮಕಾಲದ ದಶಾಶೇಷ ಬರೆದೇ ಇರುತ್ತದೆ. ನಮ್ಮ ಹುಡುಗಿಗೆ ಲಾಹಿರಿಯಲ್ಲಿ ಭರಣಿಯ ಒಂದು ಡಿಗ್ರಿ ಉಳಿದಿದೆ. ಭರಣಿಯ ಶುಕ್ರದಶೆ 20 ವರ್ಷ. 800 ಕಲೆಗೆ 20 ವರ್ಷವಾದರೆ 60 ಕಲೆಗೆ ಒಂದೂವರೆ ವರ್ಷ. ರಾಮನ್‌ನಲ್ಲಿ ಕೃತ್ತಿಕೆಯ ರವಿದಶೆಯ ಆರು ವರ್ಷಗಳಲ್ಲಿ ಸುಮಾರು ಎರಡೂವರೆ ತಿಂಗಳು ಕಳೆದು, ಐದು ವರ್ಷ ಒಂಬತ್ತು ತಿಂಗಳು ಮೇಲ್ಪಟ್ಟು ಉಳಿದಿರುತ್ತದೆ. ಹೀಗೆ ದಶಾಶೇಷವನ್ನು ಹಿಂದಕ್ಕೆ ಗುಣಿಸಿದರೆ ಚಂದ್ರ ಎಲ್ಲಿದ್ದ ಎಂದು ಹೊರಬರುತ್ತದೆ. ಜಾತಕ ಬರೆದವರು ಏನನ್ನು ಕಳೆದಿದ್ದರು ಎಂಬುದೂ ಅದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕರ್ನಾಟಕದಲ್ಲಿ ದೃಗ್ಗಣಿತದ ಪಂಚಾಂಗಗಳ ಜೊತೆಗೆ ಸೂರ್ಯಸಿದ್ಧಾಂತದ ಪಂಚಾಂಗಗಳೂ ಬಳಕೆಯಲ್ಲಿವೆ. ಸೂರ್ಯಸಿದ್ಧಾಂತದಲ್ಲಿ ಚಂದ್ರನ ಸ್ಥಾನವನ್ನು ಗುಣಿಸುವ ಕ್ರಮವೇ ಬೇರೆ. ಹಾಗೆ ಬರೆದ ಜಾತಕವನ್ನು ಯಾವ ಅಯನಾಂಶ ಇಟ್ಟರೂ ಸಾಫ್ಟ್‌ವೇರಿನೊಂದಿಗೆ ನಿಖರವಾಗಿ ಹೊಂದಿಸಲಾಗುವುದಿಲ್ಲ. ಒಂದು ಗ್ರಹ ಇಷ್ಟು, ಇನ್ನೊಂದು ಅಷ್ಟು ಎಂದು ವ್ಯತ್ಯಾಸ ಅಡ್ಡಾದಿಡ್ಡಿಯಾಗಿ ಬರುತ್ತದೆ.

ಈ ಅಡ್ಡಾದಿಡ್ಡಿಯೇ ಒಂದು ಒಳ್ಳೆಯ ಪರೀಕ್ಷೆಯೂ ಹೌದು. ಎರಡು ಜಾತಕಗಳಲ್ಲಿ ನಕ್ಷತ್ರ ಬೇರೆ ಬಂದ ಕೂಡಲೇ ಅಯನಾಂಶದ ಮೇಲೆ ತಪ್ಪು ಹೊರಿಸಬೇಡಿ. ಎರಡರಿಂದಲೂ ಸೂರ್ಯ, ಚಂದ್ರ, ಗುರು, ಶನಿ ಈ ನಾಲ್ವರ ಸ್ಫುಟ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ಕಾರಣ ಅಯನಾಂಶವೇ ಆಗಿದ್ದರೆ ನಾಲ್ವರಲ್ಲೂ ವ್ಯತ್ಯಾಸ ಒಂದೇ ಇರಬೇಕು, ಲಗ್ನದಲ್ಲೂ ಅಷ್ಟೇ ಇರಬೇಕು. ಶನಿ ಗುರುಗಳು ಎರಡರಲ್ಲೂ ಒಂದೇ ಕಡೆ ಇದ್ದು ಚಂದ್ರ ಮತ್ತು ಲಗ್ನ ಮಾತ್ರ ಜಾರಿದ್ದರೆ ತಪ್ಪು ಹೊತ್ತಿನಲ್ಲಿದೆ. ಬೆಳಿಗ್ಗೆ ಸಂಜೆ ಅದಲುಬದಲಾಗಿರಬಹುದು, ಕಾಲವಲಯ ತಪ್ಪಿರಬಹುದು. ಭಾರತದ ಐದೂವರೆ ಗಂಟೆಯನ್ನು ಬಿಟ್ಟರೆ ಚಂದ್ರ ಸುಮಾರು ಮೂರು ಡಿಗ್ರಿ ಜಾರುತ್ತಾನೆ, ಅದು ಅಯನಾಂಶದ ವ್ಯತ್ಯಾಸಕ್ಕಿಂತ ದೊಡ್ಡದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದ ಕನ್ನಡದ ಮಕ್ಕಳ ಜಾತಕದಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಸಾಫ್ಟ್‌ವೇರು ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂದು ನೋಡಲೇಬೇಕು. ಆ ಒಂದು ಗಂಟೆಗೆ ಚಂದ್ರ ಅರ್ಧ ಡಿಗ್ರಿ ಸರಿದರೆ ಲಗ್ನ ಸುಮಾರು ಹದಿನೈದು ಡಿಗ್ರಿ ಸರಿಯುತ್ತದೆ. ಲಗ್ನ ಸೇರಿ ಬೇರೆಲ್ಲ ಹೊಂದಿ ಚಂದ್ರನೊಬ್ಬನೇ ಒಂದು ಡಿಗ್ರಿಯೊಳಗೆ ಜಾರಿದ್ದರೆ `Topocentric` ಎಂಬ ಆಯ್ಕೆ ಆನ್ ಆಗಿದೆಯೇ ನೋಡಿ. ಭೂಮಿಯ ನಡುವಿನಿಂದ ನೋಡುವ ಬದಲು ಹುಟ್ಟಿದ ಊರಿನಿಂದಲೇ ಚಂದ್ರನನ್ನು ನೋಡಿದಂತೆ ಲೆಕ್ಕ ಹಾಕಿದಾಗ ಹೀಗಾಗುತ್ತದೆ.

ಸಾಫ್ಟ್‌ವೇರು ಇಲ್ಲದೆಯೂ ಅಪಾಯದ ವಲಯವನ್ನು ಗುರುತಿಸಬಹುದು. ಹುಟ್ಟಿದ ದಿನದ ಪಂಚಾಂಗದಲ್ಲಿ ನಕ್ಷತ್ರ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದಿದೆಯಲ್ಲ, ಅದನ್ನು ನೋಡಿ. ಚಂದ್ರ ಗಂಟೆಗೆ ಸರಾಸರಿ 33 ಕಲೆ ನಡೆಯುತ್ತಾನೆ, ನಡಿಗೆ ಒಮ್ಮೆ ಚುರುಕು, ಒಮ್ಮೆ ನಿಧಾನ. 86 ಕಲೆ ಸಾಗಲು ಎರಡೂಕಾಲು ಗಂಟೆಯಿಂದ ಮೂರು ಗಂಟೆ ಬೇಕು. ಪಂಚಾಂಗ ಲಾಹಿರಿಯದಾಗಿದ್ದು, ಮಗು ಹುಟ್ಟಿದ್ದು ನಕ್ಷತ್ರ ಮುಗಿಯುವ ಮುಂಚಿನ ಆ ಮೂರು ಗಂಟೆಯೊಳಗಾದರೆ ರಾಮನ್ ಲೆಕ್ಕದಲ್ಲಿ ಮುಂದಿನ ನಕ್ಷತ್ರ ಬರುವ ಸಾಧ್ಯತೆ ಇದೆ. ನಮ್ಮ ಹುಡುಗಿ ಹುಟ್ಟಿದ್ದು ಲಾಹಿರಿ ಪಂಚಾಂಗದ ಭರಣಿ ಮುಗಿಯಲು ಎರಡು ಗಂಟೆಗೆ ತುಸು ಕಡಿಮೆ ಇದ್ದಾಗ. ಕೆಪಿಯ ವಿಷಯದಲ್ಲಿ ಈ ವಲಯ ಬರೀ ಹತ್ತು ಹನ್ನೆರಡು ನಿಮಿಷದ್ದು. ಆಸ್ಪತ್ರೆಯ ಗಡಿಯಾರವೇ ಅಷ್ಟು ಹಿಂದೆಮುಂದೆ ಇರಬಹುದಾದ್ದರಿಂದ ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ವಿಷಯ: ಲಾಹಿರಿಯಿಂದ ರಾಮನ್‌ಗೆ ಹೋದಾಗ ನಕ್ಷತ್ರ ಬದಲಾಗುವುದಾದರೆ ಮುಂದಿನದಕ್ಕೇ ಬದಲಾಗಬೇಕು. ಭರಣಿ ಇದ್ದದ್ದು ಅಶ್ವಿನಿ ಆಯಿತು ಎಂದರೆ ಅಲ್ಲಿ ಬೇರೆ ಏನೋ ತಪ್ಪಿದೆ.

ಕುಜದೋಷದ ಬಗ್ಗೆಯೂ ಒಂದು ಮಾತು. ಲಗ್ನ ರಾಶಿಯ ಅಂಚಿನಲ್ಲಿದ್ದರೆ ಅಯನಾಂಶ ಬದಲಾದಾಗ ಲಗ್ನವೇ ಮುಂದಿನ ರಾಶಿಗೆ ಹೋಗಿ, ಏಳರಲ್ಲಿದ್ದ ಕುಜ ಆರಕ್ಕೆ ಬಂದುಬಿಡುತ್ತಾನೆ. ಲಗ್ನ ಒಂದು ಡಿಗ್ರಿ ಏರಲು ಸುಮಾರು ನಾಲ್ಕು ನಿಮಿಷ ಸಾಕು. ರಾಮನ್ ಲಾಹಿರಿ ನಡುವಿನ ವ್ಯತ್ಯಾಸ ಹುಟ್ಟಿದ ಹೊತ್ತಿನಲ್ಲಿ ಆರು ನಿಮಿಷ ತಪ್ಪಿದಂತೆ. ಹಾಗಾಗಿ ಅಂಚಿನ ಲಗ್ನದಲ್ಲಿ ಮೊದಲು ಅನುಮಾನಿಸಬೇಕಾದದ್ದು ಬರೆದುಕೊಂಡ ಹೊತ್ತನ್ನು, ಆಮೇಲೆ ಅಯನಾಂಶವನ್ನು.

ನಿಜವಾದ ಅನಾಹುತ ಆಗುವುದು ಬೆರಕೆಯಲ್ಲಿ. ಹುಡುಗಿಯ ನಕ್ಷತ್ರ ಅಜ್ಜನ ಕಾಲದ ಜೋಯಿಸರು ಬರೆದ ಕಾಗದದಿಂದ, ಹುಡುಗನ ನಕ್ಷತ್ರ ಮೊಬೈಲಿನಿಂದ. ಎರಡನ್ನೂ ತಂದು ಕೋಷ್ಟಕದಲ್ಲಿಟ್ಟು ಗುಣ ಎಣಿಸುತ್ತಾರೆ. ಒಬ್ಬರನ್ನು ಒಂದು ಸೊನ್ನೆಯಿಂದ, ಇನ್ನೊಬ್ಬರನ್ನು ಮತ್ತೊಂದು ಸೊನ್ನೆಯಿಂದ ಅಳೆದು ಇಬ್ಬರ ನಡುವಿನ ದೂರ ಹೇಳುವುದನ್ನು ಯಾವ ಪದ್ಧತಿಯೂ ಒಪ್ಪುವುದಿಲ್ಲ. ನಕ್ಷತ್ರದ ಹೆಸರು ತೆಗೆದುಕೊಳ್ಳದೆ ಇಬ್ಬರ ಹುಟ್ಟಿದ ದಿನ, ಹೊತ್ತು, ಊರು ತೆಗೆದುಕೊಂಡು ಒಂದೇ ಸಾಫ್ಟ್‌ವೇರಿನಲ್ಲಿ ಒಂದೇ ಅಯನಾಂಶದಲ್ಲಿ ಎರಡನ್ನೂ ಹೊಸದಾಗಿ ಹಾಕಿಸಬೇಕು. ಆಮೇಲೆ ಬೇಕಾದರೆ ಅಯನಾಂಶ ಬದಲಿಸಿ ಇನ್ನೊಮ್ಮೆ ನೋಡಬಹುದು. ಎರಡರಲ್ಲೂ ಒಂದೇ ಉತ್ತರ ಬಂದರೆ ಚರ್ಚೆ ಬೇಕಿಲ್ಲ.

ಬೇರೆ ಬಂದರೆ ಯಾವುದು ಸರಿ? ಲಾಹಿರಿ ಸರ್ಕಾರದ ಪಂಚಾಂಗದ್ದು, ಹೆಚ್ಚು ಬಳಕೆಯದ್ದು ಎಂಬುದು ನಿಜ. ಅದರಿಂದ ಅದು ಸತ್ಯವೆಂದು ಸಾಬೀತಾಗುವುದಿಲ್ಲ. ಸೊನ್ನೆ ಎಲ್ಲಿಡಬೇಕು ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ, ದೂರದರ್ಶಕದಲ್ಲಿ ನೋಡಿ ಇತ್ಯರ್ಥ ಮಾಡುವ ವಿಷಯವಲ್ಲ. ಸಾಲಾವಳಿ ನೋಡಲೇಬೇಕು ಎನ್ನುವ ಮನೆಯವರು ತಮ್ಮ ಪರಂಪರೆಯದನ್ನೋ ಜೋಯಿಸರದನ್ನೋ ಮೊದಲೇ ಆರಿಸಿಕೊಂಡು ಅದಕ್ಕೇ ನಿಲ್ಲುವುದು ಪ್ರಾಮಾಣಿಕವಾದ ದಾರಿ. ಸಂಬಂಧ ಇಷ್ಟವಾದಾಗ ದೋಷ ಹೋಗುವ ಅಯನಾಂಶ, ಇಷ್ಟವಿಲ್ಲದಾಗ ದೋಷ ಬರುವ ಅಯನಾಂಶ ಹುಡುಕುವುದೂ ನಡೆಯುತ್ತದೆ. ಅಂಥವರು ಜಾತಕದ ಹೆಸರು ಹೇಳದೆ ಮನಸ್ಸಿನಲ್ಲಿರುವುದನ್ನೇ ನೇರವಾಗಿ ಹೇಳಿದರೆ ಎರಡು ಮನೆಯವರ ಸಮಯವೂ ಉಳಿಯುತ್ತದೆ.

ಒಂದೂವರೆ ಡಿಗ್ರಿಯ ಒಪ್ಪಂದದ ಮೇಲೆ ಅತ್ತಿತ್ತ ಆಗುವ ದೋಷವನ್ನು ಮುಂದಿಟ್ಟುಕೊಂಡು, ಪರಸ್ಪರ ಒಪ್ಪಿದ ಹುಡುಗ ಹುಡುಗಿಯ ಸಂಬಂಧ ಮುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಕಡೇಪಕ್ಷ ಆ ಫಲಿತಾಂಶ ಗಡಿಯ ಮೇಲಿದೆ ಎಂಬುದನ್ನು ಎರಡೂ ಮನೆಯವರಿಗೆ ತಿಳಿಸಬೇಕು. ಮುಂದಿನ ಸಲ ಸಾಲಾವಳಿ ಮಾಡಿಸುವಾಗ ಗುಣದ ಮೊತ್ತದ ಜೊತೆಗೆ ಅಯನಾಂಶದ ಹೆಸರನ್ನೂ ಇಬ್ಬರ ಚಂದ್ರಸ್ಫುಟವನ್ನು ಡಿಗ್ರಿ ಕಲೆಗಳಲ್ಲೂ ಅದೇ ಕಾಗದದ ಮೇಲೆ ಬರೆದುಕೊಡಲು ಜೋಯಿಸರನ್ನು ಕೇಳಿ. ಬರೆದುಕೊಡದಿದ್ದರೆ ಆ ಕಾಗದವನ್ನು ಇನ್ನೊಂದರ ಜೊತೆ ಹೋಲಿಸಲು ಹೋಗಬೇಡಿ.